ಸ್ಲ್ಯಾಬ್ ಬಡ್ಡಿಯ ಎಸ್‌ಬಿ ಖಾತೆ: ಕೈಗೆ ಸಿಗುವುದೆಷ್ಟು, ಲೆಕ್ಕ ಹಾಕುವುದು ಹೇಗೆ?

‘ಉಳಿತಾಯ ಖಾತೆಗೆ ಶೇ 7ರವರೆಗೆ ಬಡ್ಡಿ’ ಎಂಬ ಜಾಹೀರಾತಿನಲ್ಲಿ ಎಲ್ಲರ ಕಣ್ಣು 7ರ ಮೇಲೆ ಬೀಳುತ್ತದೆ. ನೋಡಬೇಕಾದದ್ದು ‘ವರೆಗೆ’ ಎಂಬ ಪದವನ್ನು. ಎಷ್ಟು ಹಣಕ್ಕೆ 7, ಎಷ್ಟು ಹಣಕ್ಕೆ 3 ಅನ್ನುವುದು ಬ್ಯಾಂಕಿನ ದರಪಟ್ಟಿಯಲ್ಲಿ ಇರುತ್ತದೆ. ಆ ಪಟ್ಟಿ ಓದಿ, ನಮ್ಮ ಹಣಕ್ಕೆ ಬರುವ ಬಡ್ಡಿಯನ್ನು ನಾವೇ ಲೆಕ್ಕ ಹಾಕುವುದು ಕಷ್ಟವೇನಲ್ಲ.

ಈ ಸ್ಲ್ಯಾಬ್ ಪದ್ಧತಿ ಬಂದದ್ದು ಹೀಗೆ. 2011ರ ಅಕ್ಟೋಬರ್‌ವರೆಗೆ ಎಸ್‌ಬಿ ಖಾತೆಯ ಬಡ್ಡಿಯನ್ನು ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು. ಆಮೇಲೆ ಅದನ್ನು ಬ್ಯಾಂಕುಗಳಿಗೇ ಬಿಟ್ಟಿತು, ಜೊತೆಗೊಂದು ಷರತ್ತನ್ನೂ ಹಾಕಿತು. 1 ಲಕ್ಷ ರೂಪಾಯಿವರೆಗಿನ ಬ್ಯಾಲೆನ್ಸ್‌ಗೆ ಒಂದು ಬ್ಯಾಂಕಿನಲ್ಲಿ ಒಂದೇ ದರ ಇರಬೇಕು. ಅದರಾಚೆಗೆ ಮೊತ್ತ ನೋಡಿ ಬೇರೆ ಬೇರೆ ದರ ಕೊಡಬಹುದು. ಎಷ್ಟೋ ದರಪಟ್ಟಿಗಳಲ್ಲಿ ಮೊದಲ ಗೆರೆ ಸರಿಯಾಗಿ 1 ಲಕ್ಷಕ್ಕೇ ಬೀಳುವುದು ಇದಕ್ಕೇ.

ಮೊದಲು ನೋಡಬೇಕಾದದ್ದು: ದರ ಯಾವ ಹಣಕ್ಕೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾವುದೇ ನಿಜವಾದ ಬ್ಯಾಂಕಿನ ಪಟ್ಟಿಯಲ್ಲ. 1 ಲಕ್ಷದವರೆಗೆ ಶೇ 3, ಅದರ ಮೇಲೆ 5 ಲಕ್ಷದವರೆಗೆ ಶೇ 5, 5 ಲಕ್ಷದ ಮೇಲೆ ಶೇ 7. ನಿಮ್ಮ ಖಾತೆಯಲ್ಲಿ 6 ಲಕ್ಷ ಇದೆ. ವರ್ಷಕ್ಕೆ ಬಡ್ಡಿ ಎಷ್ಟು?

ಇದಕ್ಕೆ ಎರಡು ಉತ್ತರ ಇವೆ, ಎರಡೂ ಸರಿಯಿರಬಹುದು. ಕೆಲವು ಬ್ಯಾಂಕುಗಳು ಹಣವನ್ನು ತುಂಡು ಮಾಡಿ ಬಡ್ಡಿ ಹಾಕುತ್ತವೆ, ಆದಾಯ ತೆರಿಗೆಯ ಸ್ಲ್ಯಾಬ್ ಇದ್ದ ಹಾಗೆ. ಮೊದಲ 1 ಲಕ್ಷಕ್ಕೆ ಶೇ 3ರಂತೆ 3,000 ರೂಪಾಯಿ. ನಂತರದ 4 ಲಕ್ಷಕ್ಕೆ ಶೇ 5ರಂತೆ 20,000. ಉಳಿದ 1 ಲಕ್ಷಕ್ಕೆ ಮಾತ್ರ ಶೇ 7, ಅಂದರೆ 7,000. ಒಟ್ಟು 30,000 ರೂಪಾಯಿ. ಆರು ಲಕ್ಷಕ್ಕೆ 30,000 ಅಂದರೆ ಸರಾಸರಿ ದರ ಶೇ 5. ಜಾಹೀರಾತಿನ 7 ಎಲ್ಲಿ ಹೋಯಿತು ಅಂತ ಕೇಳಿದರೆ, ಅದು ಕೊನೆಯ 1 ಲಕ್ಷದಲ್ಲಿ ಮಾತ್ರ ಇದೆ.

ಇನ್ನು ಕೆಲವು ಬ್ಯಾಂಕುಗಳು ಒಟ್ಟು ಮೊತ್ತ ಯಾವ ಸ್ಲ್ಯಾಬ್‌ನಲ್ಲಿ ಬೀಳುತ್ತದೋ ಆ ದರವನ್ನು ಪೂರ್ತಿ ಹಣಕ್ಕೆ ಕೊಡುತ್ತವೆ. ಆಗ 6 ಲಕ್ಷಕ್ಕೂ ಶೇ 7, ಅಂದರೆ 42,000 ರೂಪಾಯಿ. ದರಪಟ್ಟಿ ಅದೇ, ಹಣವೂ ಅದೇ, ವರ್ಷಕ್ಕೆ 12,000 ರೂಪಾಯಿ ವ್ಯತ್ಯಾಸ!

ಹಾಗಾಗಿ ಪಟ್ಟಿಯ ಅಂಕಿಗಿಂತ ಅದರ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿ ಮುಖ್ಯ. ಅಲ್ಲಿ ‘ಇನ್‌ಕ್ರಿಮೆಂಟಲ್ ಬ್ಯಾಲೆನ್ಸ್’ ಅಥವಾ ‘ಪ್ರೋಗ್ರೆಸಿವ್’ ಎಂದಿದ್ದರೆ ತುಂಡು ಲೆಕ್ಕ. ‘ಎಂಟೈರ್ ಬ್ಯಾಲೆನ್ಸ್’ ಎಂದಿದ್ದರೆ ಪೂರ್ತಿ ಹಣದ ಲೆಕ್ಕ. ಬ್ಯಾಂಕುಗಳು ಅಲ್ಲೇ ಒಂದು ಉದಾಹರಣೆ ಕೊಟ್ಟಿರುವುದೂ ಉಂಟು. ಏನೂ ಬರೆದಿಲ್ಲವಾದರೆ ಶಾಖೆಯಲ್ಲಿ ‘ಬಡ್ಡಿ ದರ ಎಷ್ಟು’ ಎಂದು ಕೇಳಬೇಡಿ. ‘6 ಲಕ್ಷ ಇಟ್ಟರೆ ಮೊದಲ 1 ಲಕ್ಷಕ್ಕೆ ಎಷ್ಟು ದರ’ ಎಂದು ಕೇಳಿ. ಈ ಪ್ರಶ್ನೆಗೆ ಜಾರಿಕೊಳ್ಳುವ ಉತ್ತರ ಕೊಡುವುದು ಕಷ್ಟ.

ಕೊನೆಯ ಸಾಲನ್ನೂ ಬಿಡದೆ ಓದಿ. ತುಂಬಾ ದೊಡ್ಡ ಮೊತ್ತಕ್ಕೆ ದರ ಮತ್ತೆ ಇಳಿಸುವ ಪಟ್ಟಿಗಳೂ ಇವೆ.

ಆಮೇಲೆ: ದಿನದ ಲೆಕ್ಕ

2010ರ ಏಪ್ರಿಲ್ 1ರಿಂದ ಎಸ್‌ಬಿ ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕಲಾಗುತ್ತಿದೆ. ಅದಕ್ಕೂ ಮುಂಚೆ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಬ್ಯಾಲೆನ್ಸ್‌ಗೆ ಮಾತ್ರ ಬಡ್ಡಿ ಸಿಗುತ್ತಿತ್ತು. ಹಿರಿಯರು ಇವತ್ತಿಗೂ ‘ಹತ್ತನೇ ತಾರೀಖಿನೊಳಗೆ ದುಡ್ಡು ಕಟ್ಟು’ ಅನ್ನುವುದು ಆ ಕಾಲದ ಅಭ್ಯಾಸ. ಈಗ ಅದಕ್ಕೆ ಅರ್ಥವಿಲ್ಲ.

ಈಗ ಲೆಕ್ಕಕ್ಕೆ ಬರುವುದು ದಿನದ ಕೊನೆಯಲ್ಲಿ ಖಾತೆಯಲ್ಲಿ ಉಳಿದ ಮೊತ್ತ. ಬೆಳಗ್ಗೆ ಬಂದು ಸಂಜೆಯೊಳಗೆ ಹೋದ ಹಣಕ್ಕೆ ಬಡ್ಡಿ ಇಲ್ಲ. ವ್ಯವಹಾರ ಇಲ್ಲದ ದಿನಕ್ಕೆ ಹಿಂದಿನ ದಿನದ ಬ್ಯಾಲೆನ್ಸೇ ಮುಂದುವರಿಯುತ್ತದೆ.

ಸ್ಲ್ಯಾಬ್ ಕೂಡ ದಿನದಿನಕ್ಕೆ ಅನ್ವಯಿಸುತ್ತದೆ. ಇಲ್ಲೇ ಜಾಸ್ತಿ ಜನ ತಪ್ಪುವುದು. ತಿಂಗಳ ಸರಾಸರಿ ಬ್ಯಾಲೆನ್ಸ್ ತೆಗೆದುಕೊಂಡು ಅದಕ್ಕೆ ಸ್ಲ್ಯಾಬ್ ಹಾಕುತ್ತಾರೆ. ಅದು ಹೊಂದುವುದಿಲ್ಲ. ಯಾಕೆ ಅಂತ ನೋಡಿ: 30 ದಿನದ ತಿಂಗಳಲ್ಲಿ 10 ದಿನ 6 ಲಕ್ಷ ಇತ್ತು, ಉಳಿದ 20 ದಿನ 80,000 ಇತ್ತು ಅಂದುಕೊಳ್ಳಿ. ತುಂಡು ಲೆಕ್ಕದಲ್ಲಿ 6 ಲಕ್ಷಕ್ಕೆ ವರ್ಷಕ್ಕೆ 30,000. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 82.19 ರೂಪಾಯಿ. ಹತ್ತು ದಿನಕ್ಕೆ ಸುಮಾರು 822. ಎಂಬತ್ತು ಸಾವಿರಕ್ಕೆ ಶೇ 3ರಂತೆ ವರ್ಷಕ್ಕೆ 2,400, ದಿನಕ್ಕೆ ಸುಮಾರು 6.58. ಇಪ್ಪತ್ತು ದಿನಕ್ಕೆ ಸುಮಾರು 131.50. ಒಟ್ಟು ಸುಮಾರು 953 ರೂಪಾಯಿ.

ಇದನ್ನೇ ಸರಾಸರಿಯಿಂದ ಮಾಡಿದರೆ? ಸರಾಸರಿ ಸುಮಾರು 2,53,333. ಅದಕ್ಕೆ ಸ್ಲ್ಯಾಬ್ ಹಾಕಿದರೆ ತಿಂಗಳಿಗೆ ಬರುವುದು ಸುಮಾರು 877 ರೂಪಾಯಿ. ಸರಾಸರಿ ಮೊತ್ತ ಶೇ 7ರ ಸ್ಲ್ಯಾಬ್ ಮುಟ್ಟುವುದೇ ಇಲ್ಲ, ಆದರೆ ನಿಮ್ಮ ಹಣ ಹತ್ತು ದಿನ ಅಲ್ಲಿ ಇತ್ತಲ್ವಾ? ಆ ವ್ಯತ್ಯಾಸದ ಹೆಚ್ಚಿನ ಪಾಲು ಬಂದದ್ದು ಅಲ್ಲಿಂದ.

ದಿನದಿನದ ಲೆಕ್ಕ ಕೈಯಲ್ಲಿ ಮಾಡುತ್ತಾ ಕೂರಬೇಕಿಲ್ಲ. ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ, ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದು ದಿನಕ್ಕೆ ಒಂದೊಂದು ಸಾಲು ಮಾಡಿ, ಆ ದಿನದ ಕೊನೆಯ ಬ್ಯಾಲೆನ್ಸ್ ಅನ್ನು ಎ ಕಾಲಂನಲ್ಲಿ ಬರೆಯಿರಿ. ಪಕ್ಕದ ಕಾಲಂನಲ್ಲಿ ಈ ಸೂತ್ರ:

```
=(MIN(A1,100000)*3%+MAX(MIN(A1,500000)-100000,0)*5%+MAX(A1-500000,0)*7%)/365
```

ನಿಮ್ಮ ಬ್ಯಾಂಕಿನ ಗೆರೆಗಳನ್ನೂ ದರಗಳನ್ನೂ ಇದರಲ್ಲಿ ಹಾಕಿಕೊಳ್ಳಿ. ಕೆಳಗೆ ಎಳೆದು ಒಟ್ಟು ಕೂಡಿದರೆ ಮುಗಿಯಿತು. ಮಧ್ಯದಲ್ಲಿ ಬ್ಯಾಂಕ್ ದರ ಬದಲಿಸಿದ್ದರೆ ಆ ತಾರೀಖಿನಿಂದ ಮುಂದಿನ ಸಾಲುಗಳಲ್ಲಿ ಸೂತ್ರದ ದರ ಬದಲಿಸಿ. ಎಸ್‌ಬಿ ದರ ಎಫ್‌ಡಿ ಹಾಗಲ್ಲ, ಹಣ ಇಟ್ಟ ದಿನದ ದರ ಹಾಗೇ ಉಳಿಯುವುದಿಲ್ಲ.

ಹಣ ತೆಗೆಯುವ ಮುಂಚೆ

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬರುವ ಭಾಗ ಇದು. 6 ಲಕ್ಷದಲ್ಲಿ 1 ಲಕ್ಷ ತೆಗೆದು ಶೇ 6.5ರ ಎಫ್‌ಡಿ ಮಾಡೋಣ ಅನಿಸುತ್ತದೆ. ‘ಎಸ್‌ಬಿಯಲ್ಲಿ ಸರಾಸರಿ ಶೇ 5 ತಾನೇ ಬರುತ್ತಿರುವುದು, ಒಂದೂವರೆ ಜಾಸ್ತಿ ಸಿಗುತ್ತದೆ’ ಎಂಬ ಲೆಕ್ಕ. ಈ ಲೆಕ್ಕ ತಪ್ಪು. ತುಂಡು ಲೆಕ್ಕದಲ್ಲಿ ನೀವು ತೆಗೆಯುವ ಹಣ ಹೊರಡುವುದು ಮೇಲಿನ ತುಂಡಿನಿಂದ. ಆ 1 ಲಕ್ಷ ಶೇ 7 ಗಳಿಸುತ್ತಿತ್ತು. ಅಂದರೆ 7,000 ಬಿಟ್ಟು 6,500ಕ್ಕೆ ಹೋದ ಹಾಗಾಯಿತು, ಮೇಲಿಂದ ಹಣವೂ ಎಫ್‌ಡಿಯಲ್ಲಿ ಸಿಕ್ಕಿಕೊಂಡಿತು.

ಆದರೆ ಎರಡನೇ ಲಕ್ಷದ ಕಥೆ ಬೇರೆ. ಅದು ಶೇ 5ರ ತುಂಡಿನಲ್ಲಿದೆ. ಅದನ್ನು ಎಫ್‌ಡಿಗೆ ಹಾಕಿದರೆ 1,500 ಲಾಭ. ಹಾಗಾದರೆ ಒಂದರ ಬದಲು 5 ಲಕ್ಷವನ್ನು ಒಟ್ಟಿಗೆ ತೆಗೆದರೆ? 27,000 ಬಿಟ್ಟು 32,500 ಪಡೆಯುತ್ತೀರಿ. ಅಂದರೆ ಸ್ವಲ್ಪ ತೆಗೆದರೆ ನಷ್ಟ, ಜಾಸ್ತಿ ತೆಗೆದರೆ ಲಾಭ. ಬೇಕಾದಾಗ ಕೈಗೆ ಸಿಗುವ ಹಣ ಎಷ್ಟಿರಬೇಕು ಎಂಬುದು ನಿಮ್ಮ ನಿರ್ಧಾರ, ಆದರೆ ಸರಾಸರಿ ದರ ನೋಡಿ ಮಾತ್ರ ನಿರ್ಧರಿಸಬೇಡಿ.

ಪೂರ್ತಿ ಹಣದ ಲೆಕ್ಕ ಹಾಕುವ ಬ್ಯಾಂಕಿನಲ್ಲಿ ಎಚ್ಚರ ವಹಿಸಬೇಕಾದದ್ದು ಗೆರೆಯ ಹತ್ತಿರ. 5.2 ಲಕ್ಷ ಇದ್ದಾಗ ದಿನಕ್ಕೆ ಸುಮಾರು 100 ರೂಪಾಯಿ ಬಡ್ಡಿ. 30,000 ತೆಗೆದು 4.9 ಲಕ್ಷಕ್ಕೆ ಇಳಿದರೆ ದಿನಕ್ಕೆ ಸುಮಾರು 67. ಅದೇ ತುಂಡು ಲೆಕ್ಕದಲ್ಲಾದರೆ ಸುಮಾರು 67ರಿಂದ 62ಕ್ಕೆ ಇಳಿಯುತ್ತಿತ್ತು, ಅಷ್ಟೇ. ಹಾಗಾಗಿ ಇಂಥ ಖಾತೆಯಿಂದ ಇಎಂಐ, ಬಾಡಿಗೆ, ಬಿಲ್ಲು ಕಟ್ಟುವವರು ಗೆರೆಯ ಮೇಲೆ ಒಂದಿಷ್ಟು ಹೆಚ್ಚು ಹಣ ಬಿಟ್ಟಿರುವುದು ಒಳ್ಳೆಯದು. ಅಥವಾ ಖರ್ಚನ್ನೆಲ್ಲ ಬೇರೆ ಖಾತೆಯಿಂದ ಮಾಡಿ.

ಮೇಲಿನ ಸ್ಲ್ಯಾಬ್ ಮುಟ್ಟಲು ಎಲ್ಲ ಹಣವನ್ನೂ ಒಂದೇ ಕಡೆ ಸುರಿಯುವ ಆಸೆ ಸಹಜ. ಆದರೆ ಠೇವಣಿ ವಿಮೆಯ ಮಿತಿ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿ, ಅಸಲು ಬಡ್ಡಿ ಎರಡೂ ಸೇರಿ. ಅದೇ ಬ್ಯಾಂಕಿನಲ್ಲಿ ನಿಮ್ಮ ಎಫ್‌ಡಿ ಇದ್ದರೆ ಅದೂ ಇದರೊಳಗೇ. ನಮ್ಮ ಉದಾಹರಣೆಯಲ್ಲಿ ಶೇ 7 ಸಿಗುವ ಹಣವೇ ವಿಮೆಯ ಹೊರಗೆ ಉಳಿಯುವ ಹಣ! ಇಂಥದೇ ದರಪಟ್ಟಿಯ ಎರಡು ಬ್ಯಾಂಕುಗಳಲ್ಲಿ 3 ಲಕ್ಷದಂತೆ ಇಟ್ಟರೆ ಒಂದೊಂದರಲ್ಲಿ 13,000, ಒಟ್ಟು 26,000 ಸಿಗುತ್ತದೆ. ವರ್ಷಕ್ಕೆ 4,000 ಕಡಿಮೆ, ಪೂರ್ತಿ ಹಣ ವಿಮೆಯೊಳಗೆ. ನಾನಾದರೆ ಆ 4,000 ಬಿಡುತ್ತೇನೆ.

ಕೊನೆಗೆ: ಬಂದ ಬಡ್ಡಿ ಸರಿಯಿದೆಯಾ?

ಬ್ಯಾಂಕುಗಳು ಎಸ್‌ಬಿ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಖಾತೆಗೆ ಹಾಕಬೇಕು. ಕೆಲವು ಪ್ರತಿ ತಿಂಗಳೂ ಹಾಕುತ್ತವೆ. ಪಾಸ್‌ಬುಕ್‌ನಲ್ಲಿ ಬಂದ ಮೊತ್ತವನ್ನು ನಿಮ್ಮ ಸ್ಪ್ರೆಡ್‌ಶೀಟ್ ಜೊತೆ ಹೋಲಿಸಿ. ಒಂದೆರಡು ರೂಪಾಯಿ ಹೆಚ್ಚುಕಮ್ಮಿ ಬಂದರೆ ಅದು ಬಿಡಿಪೈಸೆ ಸರಿಮಾಡಿದ್ದು, ತಲೆ ಕೆಡಿಸಿಕೊಳ್ಳಬೇಡಿ.

ದೊಡ್ಡ ವ್ಯತ್ಯಾಸ ಬಂದರೆ ಮೊದಲು ವಿಧಾನವನ್ನೇ ಅನುಮಾನಿಸಿ. 91 ದಿನವೂ ಅಲುಗಾಡದೆ 6 ಲಕ್ಷ ಇದ್ದರೆ ತುಂಡು ಲೆಕ್ಕದಲ್ಲಿ ಸುಮಾರು 7,479 ಬರಬೇಕು, ಪೂರ್ತಿ ಹಣದ ಲೆಕ್ಕದಲ್ಲಿ ಸುಮಾರು 10,471. ನಿಮಗೆ ಬಂದದ್ದು ಇವೆರಡರಲ್ಲಿ ಯಾವುದಕ್ಕೆ ಹತ್ತಿರ ಇದೆಯೋ ಅದೇ ನಿಮ್ಮ ಬ್ಯಾಂಕಿನ ವಿಧಾನ. ಎರಡಕ್ಕೂ ಹೊಂದದಿದ್ದರೆ ದರ ಬದಲಾದ ತಾರೀಖನ್ನೂ, ಕ್ಲಿಯರ್ ಆಗದ ಚೆಕ್ಕಿನ ಮೊತ್ತವನ್ನು ಬ್ಯಾಲೆನ್ಸ್‌ನಲ್ಲಿ ಸೇರಿಸಿಕೊಂಡಿದ್ದೀರಾ ಎಂಬುದನ್ನೂ ನೋಡಿ.

ಅಷ್ಟಾದರೂ ಹೊಂದದಿದ್ದರೆ ಸ್ಪ್ರೆಡ್‌ಶೀಟ್‌ನ ಪ್ರತಿ ಜೊತೆಗಿಟ್ಟು ಶಾಖೆಗೆ ಬರವಣಿಗೆಯಲ್ಲಿ ದೂರು ಕೊಡಿ, ದೂರಿನ ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕ ಇಲ್ಲ.