'ಬುದ್ಧಾನ' ಅಂತಿದ್ದರೆ ಹಾಗೇ ಬಿಡಿ, ಸೊನ್ನೆ ಹಾಕಬೇಡಿ

ಪಾಲಿ ಕಲಿಯಲು ಕೂತವರು ಒಂದು ತಪ್ಪನ್ನು ಬಹಳ ಹುಮ್ಮಸ್ಸಿನಿಂದ ಮಾಡುತ್ತಾರೆ. ವ್ಯಾಕರಣದ ನಾಲ್ಕು ಪಾಠ ಆಗಿರುತ್ತದೆ, 'ಬುದ್ಧರ' ಅನ್ನುವುದಕ್ಕೆ 'ಬುದ್ಧಾನಂ' ಅಂತ ಬಾಯಿಪಾಠ ಬಂದಿರುತ್ತದೆ. ಆಮೇಲೆ ಧಮ್ಮಪದದ 183ನೇ ಗಾಥೆಯಲ್ಲಿ 'ಏತಂ ಬುದ್ಧಾನ ಸಾಸನಂ' ಅಂತ ಕಾಣುತ್ತದೆ. ಅಚ್ಚಿನ ತಪ್ಪು ಅಂದುಕೊಂಡು ಪೆನ್ಸಿಲ್ ತೆಗೆದು ಸೊನ್ನೆ ಇಟ್ಟೇಬಿಡುತ್ತಾರೆ. ನಾನೂ ಇಟ್ಟಿದ್ದೆ. ಆ ಸೊನ್ನೆಯನ್ನು ಬೇಕಂತಲೇ ಬಿಟ್ಟಿದ್ದಾರೆ. ಬಿಟ್ಟದ್ದಕ್ಕೆ ಕಾರಣ ಛಂದಸ್ಸು. ಒಂದು ರೂಪ ವಿಚಿತ್ರವಾಗಿ ಕಂಡಾಗ ಅದು ಛಂದಸ್ಸಿನ ಕೆಲಸವೋ ಅಲ್ಲವೋ ಅಂತ ನೋಡುವುದು ಹೀಗೆ.

ಮೊದಲು ಪ್ರಸ್ತಾರ ಹಾಕಿ. ಹೈಸ್ಕೂಲಿನಲ್ಲಿ ಕಲಿತದ್ದೇ ಸಾಕು: ದೀರ್ಘ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಉಳಿದದ್ದು ಲಘು.

ಆದರೆ ಕನ್ನಡ ಲಿಪಿಯಲ್ಲಿ ಓದುವವರು ಎರಡು ಕಡೆ ಎಡವುತ್ತಾರೆ. ಒಂದು, 'ದಳ್ಹ'. ನಮ್ಮ ದೃಢವೇ ಅದು. ಕಣ್ಣಿಗೆ ಒತ್ತಕ್ಷರದಂತೆ ಕಂಡರೂ ಪಾಲಿಯಲ್ಲಿ 'ಳ್ಹ' ಒಂದೇ ವ್ಯಂಜನ, ಹಾಗಾಗಿ 'ದ' ಲಘುವೇ. ಇನ್ನೊಂದು 'ಬ್ರ'. ಧಮ್ಮಪದದ ಕೊನೆಯ ವಗ್ಗದಲ್ಲಿ, ಅಂದರೆ ಕೊನೆಯ ಅಧ್ಯಾಯದಲ್ಲಿ, 'ತಮಹಂ ಬ್ರೂಮಿ ಬ್ರಾಹ್ಮಣಂ' ಅಂತ ಮತ್ತೆ ಮತ್ತೆ ಬರುತ್ತದೆ. ಅಲ್ಲಿ 'ಬ್ರಾ' ಮುಂದಿದ್ದರೂ 'ಮಿ' ಗುರುವಾಗುವುದಿಲ್ಲ. ಹಳಗನ್ನಡ ಓದಿದವರಿಗೆ ಶಿಥಿಲದ್ವಿತ್ವ ನೆನಪಾಗಬಹುದು, ಹೆಚ್ಚು ಕಡಿಮೆ ಅದೇ ತರಹ ತೇಲಿಸಿ ಹೇಳುವುದು. ಸಂಸ್ಕೃತಕ್ಕೆಂದು ಮಾಡಿದ ಲಘು-ಗುರು ತಂತ್ರಾಂಶಕ್ಕೆ ಪಾಲಿ ಸಾಲು ಹಾಕಿದರೆ ಈ ಎರಡೂ ಕಡೆ ಕೈಕೊಡುತ್ತದೆ. ಕೈಯಲ್ಲೇ ಹಾಕಿ, ಒಂದು ನಿಮಿಷದ ಕೆಲಸ.

ಎರಡನೆಯದು, ಪಾದದ ಅಚ್ಚು, ಅಂದರೆ ಲಘು-ಗುರು ಬರುವ ಕ್ರಮ, ತಿಳಿದಿರಬೇಕು. ಧಮ್ಮಪದದಲ್ಲಿ ಜಾಸ್ತಿ ಇರುವುದು ಅನುಷ್ಟುಪ್ ಜಾತಿಯದು, ಪಾಲಿಯಲ್ಲಿ ಅದನ್ನು ವತ್ತ ಅನ್ನುತ್ತಾರೆ. ಪಾದಕ್ಕೆ ಎಂಟು ಅಕ್ಷರ. ಸಮಪಾದದ, ಅಂದರೆ ಎರಡನೆಯ ಮತ್ತು ನಾಲ್ಕನೆಯ ಪಾದದ, ಕೊನೆಯ ನಾಲ್ಕು ಲಘು, ಗುರು, ಲಘು, ಆಮೇಲೆ ಯಾವುದಾದರೂ. ವಿಷಮಪಾದದಲ್ಲಿ ಸಾಮಾನ್ಯವಾಗಿ ಲಘು, ಗುರು, ಗುರು, ಯಾವುದಾದರೂ. ವಿಷಮಪಾದಕ್ಕೆ ಬೇರೆ ಬೇರೆ ರೂಪಗಳಿವೆ, ಸಮಪಾದ ಬಿಗಿ. ಆದ್ದರಿಂದ ಶುರುವಿನಲ್ಲಿ ಸಮಪಾದ ಮಾತ್ರ ನೋಡಿ.

ಮೂರನೆಯದರಲ್ಲೇ ಎಲ್ಲರೂ ಕೆಡಿಸಿಕೊಳ್ಳುವುದು. ವಿಚಿತ್ರ ರೂಪವನ್ನು ತೆಗೆದು ಅದೇ ಜಾಗದಲ್ಲಿ ಗದ್ಯದ ರೂಪ ಇಟ್ಟು ನೋಡಬೇಕು. 183ರ ಪಾದ ಹೀಗಿದೆ:

ಏ ತಂ ಬುದ್ ಧಾ | ನ ಸಾ ಸ ನಂ
– – – – | ⏑ – ⏑ –

'ನಂ' ಅಂದರೆ ಐದನೆಯ ಅಕ್ಷರ ಗುರುವಾಗುತ್ತದೆ, ಅಚ್ಚು ಒಡೆಯುತ್ತದೆ. ಅದಕ್ಕೇ ಸೊನ್ನೆ ಹೋಗಿದೆ. ಅದೇ ವಗ್ಗದ 194ನೇ ಗಾಥೆಯಲ್ಲಿ 'ಸುಖೋ ಬುದ್ಧಾನಮುಪ್ಪಾದೋ' ಅಂತ ಪೂರ್ತಿ ರೂಪ ಇದೆ. ಅಲ್ಲಿ ಮುಂದೆ ಸ್ವರ ಬಂದು ಸೊನ್ನೆ 'ಮು' ಆಗಿದೆ, 'ನ' ತಾನಾಗಿಯೇ ಲಘು. ಬಿಡುವ ಅಗತ್ಯವೇ ಇರಲಿಲ್ಲ.

ಅದರ ಮುಂದಿನ ಗಾಥೆ, 195, ಇನ್ನೂ ಅಪಾಯದ್ದು. 'ಬುದ್ಧೇ ಯದಿ ವ ಸಾವಕೇ.' ಇಲ್ಲಿ 'ವ' ಏನು? ನಿಘಂಟು ತೆಗೆದರೆ 'ವ' ಅಂದರೆ 'ಇವ', ಅಂದರೆ ಹಾಗೆ ಅಥವಾ ತರಹ. ಇಲ್ಲವೇ 'ಏವ', ಅಂದರೆ -ಏ. ಮೊದಲ ಗಾಥೆಯ 'ಚಕ್ಕಂವ' ಚಕ್ರದ ಹಾಗೆ ಅಂತಲೇ. ಅದನ್ನೇ ಇಲ್ಲಿಗೂ ತಂದು 'ಬುದ್ಧರನ್ನು ಶ್ರಾವಕರ ಹಾಗೆ' ಅಂತ ಅರ್ಥ ಹೇಳಿದವರನ್ನು ನೋಡಿದ್ದೇನೆ. ಈಗ 98ನೇ ಗಾಥೆ ಪಕ್ಕಕ್ಕಿಡಿ: 'ನಿನ್ನೇ ವಾ ಯದಿ ವಾ ಥಲೇ', ತಗ್ಗಿನಲ್ಲಾಗಲಿ ದಿಬ್ಬದಲ್ಲಾಗಲಿ.

ನಿನ್ ನೇ ವಾ ಯ | ದಿ ವಾ ಥ ಲೇ
– – – ⏑ | ⏑ – ⏑ –

ಬುದ್ ಧೇ ಯ ದಿ | ವ ಸಾ ವ ಕೇ
– – ⏑ ⏑ | ⏑ – ⏑ –

ಎರಡೂ ಕಡೆ ಅದೇ 'ಯದಿ ವಾ'. ಮೊದಲನೆಯದರಲ್ಲಿ 'ವಾ' ಆರನೆಯ ಜಾಗಕ್ಕೆ ಬಿದ್ದಿದೆ, ಅಲ್ಲಿ ಗುರುವೇ ಬೇಕು, ದೀರ್ಘ ಉಳಿದಿದೆ. ಎರಡನೆಯದರಲ್ಲಿ ಐದನೆಯ ಜಾಗಕ್ಕೆ ಬಿದ್ದಿದೆ, ಲಘು ಬೇಕು, ಕುಗ್ಗಿದೆ. ಹಾಗಾಗಿ ಅರ್ಥ 'ಬುದ್ಧರನ್ನಾಗಲಿ ಶ್ರಾವಕರನ್ನಾಗಲಿ'. ಗಾಥೆಯಲ್ಲಿ ಒಂಟಿ 'ವ' ಕಂಡರೆ ಮೊದಲು ಅದು ಎಷ್ಟನೆಯ ಅಕ್ಷರ ಅಂತ ಎಣಿಸಿ, ನಿಘಂಟು ಆಮೇಲೆ.

ನಾಲ್ಕನೆಯದು ಎಣಿಕೆ ಜಾಸ್ತಿ ಬಂದಾಗ. 61ನೇ ಗಾಥೆ: ತನ್ನ ಸಮನೋ ಮೇಲಿನವನೋ ಜೊತೆಗೆ ಸಿಗದಿದ್ದರೆ 'ಏಕಚರಿಯಂ ದಳ್ಹಂ ಕಯಿರಾ', ಗಟ್ಟಿಯಾಗಿ ಒಬ್ಬನೇ ನಡೆಯಲಿ. ಎಣಿಸಿ, ಹತ್ತು ಅಕ್ಷರ. ಎರಡು ಹೆಚ್ಚು. ಪಾದವೇ ಕೆಟ್ಟಿದೆ ಅಂತ ಇಲ್ಲಿ ಕೈಬಿಡುವವರು ಬಹಳ. 'ಚರಿಯ' ನಮ್ಮ ಚರ್ಯೆಯೇ ಅಲ್ವಾ? 'ರ್ಯ' ಪಾಲಿ ಬಾಯಿಗೆ ಬಾರದೆ ನಡುವೆ 'ಇ' ಸೇರಿದೆ. 'ಕಯಿರಾ' ಸಂಸ್ಕೃತದ 'ಕುರ್ಯಾತ್', ಅಂದರೆ ಮಾಡಲಿ. ಅಲ್ಲಿ 'ರ' 'ಯ' ಹಿಂದುಮುಂದೂ ಆಗಿ ಮಧ್ಯೆ 'ಇ' ಕೂತಿದೆ. ಬರವಣಿಗೆಯಲ್ಲಿರುವ ಆ ಎರಡು 'ಇ'ಗಳನ್ನು ಎಣಿಕೆಗೆ ಹಿಡಿಯಬೇಡಿ:

ಏ ಕ ಚರ್ ಯಂ | ದ ಳ್ಹಂ ಕಯ್ ರಾ
– ⏑ – – | ⏑ – – –

ಎಂಟಕ್ಕೆ ಎಂಟು, ವಿಷಮಪಾದದ ಅಚ್ಚಿಗೂ ಸರಿ. 'ದ'ವನ್ನು ಗುರು ಅಂತ ಹಿಡಿದಿದ್ದರೆ ಇದು ಕೂಡುತ್ತಲೇ ಇರಲಿಲ್ಲ, ನೋಡಿ.

'ರಿಯ' ಕಂಡಲ್ಲೆಲ್ಲ 'ಇ' ಹಾರಿಸಿ ಅಂತ ಕೆಲವರು ಸುಲಭದ ದಾರಿ ಹೇಳಿಕೊಡುತ್ತಾರೆ. ನಂಬಬೇಡಿ. 270ರಲ್ಲಿ 'ನ ತೇನ ಅರಿಯೋ ಹೋತಿ' ಇದೆ. ಅಲ್ಲಿ 'ರಿ'ಯನ್ನೂ ಎಣಿಸಿದರೇ ಎಂಟು, ಹಾರಿಸಿದರೆ ಏಳು. ಪದವನ್ನು ನೋಡಿ ತೀರ್ಮಾನ ಮಾಡಲಾಗದು, ಪಾದವನ್ನೇ ನೋಡಬೇಕು.

ಇಷ್ಟು ಕಲಿತ ಮೇಲೆ ಇನ್ನೊಂದು ಚಟ ಹತ್ತುತ್ತದೆ, ಗೊತ್ತಿಲ್ಲದ ರೂಪಕ್ಕೆಲ್ಲ 'ಛಂದಸ್ಸಿಗಾಗಿ' ಅಂತ ಬರೆದು ಮುಂದೆ ಹೋಗುವುದು. 6ನೇ ಗಾಥೆಯ 'ಯಮಾಮಸೇ' ನೋಡಿ. ಸಾಮಾನ್ಯ ರೂಪ 'ಯಮಾಮ' ಇಟ್ಟರೆ ಪಾದದಲ್ಲಿ ಒಂದು ಅಕ್ಷರ ಕಡಿಮೆ ಬೀಳುತ್ತದೆ, ನಿಜ. ಆದರೆ '-ಮಸೇ' ಛಂದಸ್ಸು ಹುಟ್ಟಿಸಿದ ರೂಪವಲ್ಲ. ಅದು ಹಳೆಯ ಪ್ರತ್ಯಯ, ಪದ್ಯ ಅದನ್ನು ಉಳಿಸಿಕೊಂಡಿದೆ ಅಷ್ಟೇ. ಕುಗ್ಗಿಸಿದ ರೂಪವೇ ಬೇರೆ, ಹಳೇ ಪೆಟ್ಟಿಗೆಯಿಂದ ತೆಗೆದ ರೂಪವೇ ಬೇರೆ.

ಕುಗ್ಗುವಂತೆ ಹಿಗ್ಗುವುದೂ ಉಂಟು. ಮೊದಲ ಗಾಥೆಯ 'ಭಾಸತಿ ವಾ ಕರೋತಿ ವಾ' ಪಾದದಲ್ಲಿ ಎರಡನೆಯದೂ ಮೂರನೆಯದೂ ಲಘು. ಈ ಛಂದಸ್ಸು ಅದನ್ನು ಆದಷ್ಟು ತಪ್ಪಿಸುತ್ತದೆ. ಆದ್ದರಿಂದ ಛಂದಸ್ಸು ನೋಡಿ ಸಂಪಾದಿಸಿದವರು 'ಭಾಸತೀ' ಅಂತ ದೀರ್ಘ ಮಾಡುತ್ತಾರೆ. ಹಾಡಿದವರು ಎಳೆದರೋ, ಸಂಪಾದಕರು ಎಳೆದರೋ ಪ್ರಸ್ತಾರ ಒಂದರಿಂದ ಹೇಳಲಾಗದು. ನಾನಂತೂ ಪುಸ್ತಕದಲ್ಲಿ 'ಭಾಸತಿ' ಇದ್ದರೆ ಹಾಗೇ ಬಿಟ್ಟು, ಅಂಚಿನಲ್ಲಿ 'ತಿ' ಎದುರಿಗೆ ಒಂದು ಗುರುವಿನ ಗೆರೆ ಎಳೆದು, ಓದುವಾಗ ಎಳೆದೇ ಓದುತ್ತೇನೆ.