ಒಂದು ಪುಟದ ನಿಯಮ ಬರೆದೆ, ಮೊದಲ ದೂರಿಗೇ ಸಿಕ್ಕಿಬಿದ್ದೆ

ನಮ್ಮಲ್ಲಿ ಕುಂದುಕೊರತೆ ಸಮಿತಿ ಮಾಡೋಣ ಅಂತ ತೀರ್ಮಾನವಾದಾಗ ಅದರ ಕಾರ್ಯವ್ಯಾಪ್ತಿ ಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು. ಟಿಒಆರ್ ಅಂತ ಎಲ್ಲರೂ ಕರೆಯುತ್ತಾರಲ್ಲ, ಅದೇ. ಒಂದೇ ಸಂಜೆಗೆ ಒಂದು ಪುಟ ಬರೆದು ಮುಗಿಸಿದೆ. ಸಮಿತಿ ನೌಕರರ ಎಲ್ಲ ಕುಂದುಕೊರತೆ ನೋಡುತ್ತದೆ, ಐದು ಜನ ಸದಸ್ಯರು, ಎಲ್ಲವೂ ಸಂಪೂರ್ಣ ಗೌಪ್ಯ, ದೂರು ಬಂದ 30 ದಿನದಲ್ಲಿ ಇತ್ಯರ್ಥ. ಓದೋಕೆ ಚೆನ್ನಾಗಿತ್ತು, ಸಹಿಯೂ ಬಿತ್ತು. ಎರಡು ತಿಂಗಳಿಗೆ ಮೊದಲ ದೂರು ಬಂತು ನೋಡಿ, ಆ ನಾಲ್ಕರಲ್ಲಿ ಒಂದು ಮಾತೂ ನಿಲ್ಲಲಿಲ್ಲ.

ದೂರು ಕೊಟ್ಟವರು ಒಬ್ಬ ತಂತ್ರಜ್ಞ. ಮೂರು ತಿಂಗಳಲ್ಲಿ ಅವರಿಗೆ 26 ರಾತ್ರಿ ಪಾಳಿ ಬಿದ್ದಿತ್ತು, ಅದೇ ವಿಭಾಗದ ಉಳಿದ ಮೂವರಿಗೆ 11, 12, 13. ರಜೆ ವಿಷಯಕ್ಕೆ ಮೇಲ್ವಿಚಾರಕರ ಜೊತೆ ಒಮ್ಮೆ ಮಾತಿಗೆ ಮಾತು ಬೆಳೆದಿತ್ತಂತೆ, ಅಲ್ಲಿಂದ ಶುರು ಅಂತ ಅವರ ದೂರು. ಕೊನೆಯಲ್ಲಿ ಇನ್ನೊಂದು ಬೇಡಿಕೆಯೂ ಇತ್ತು, ರಾತ್ರಿ ಪಾಳಿಯ ಭತ್ಯೆಯನ್ನು ಎಲ್ಲರಿಗೂ ಹೆಚ್ಚಿಸಬೇಕು ಅಂತ.

ಮೊದಲ ಜಗಳ ದಿನದ ಲೆಕ್ಕದ್ದು. ಅವರು ದೂರನ್ನು ಒಬ್ಬ ಸದಸ್ಯರಿಗೆ ಇಮೇಲ್ ಮಾಡಿದ್ದರು, ಆ ಸದಸ್ಯರು ರಜೆಯಲ್ಲಿದ್ದರು. ಅವರು ಅದನ್ನು ತೆರೆದದ್ದು ಹತ್ತು ದಿನ ಬಿಟ್ಟು, ನನ್ನ ಕೈಗೆ ಬಂದದ್ದು ಹನ್ನೆರಡನೇ ದಿನ. ಈಗ 30 ದಿನ ಎಲ್ಲಿಂದ ಎಣಿಸೋದು? ಕಳಿಸಿದ ದಿನದಿಂದ ಅಂತ ದೂರುದಾರರು, ನಾವು ಸಭೆ ಸೇರಿದ ದಿನದಿಂದ ಅಂತ ಒಬ್ಬ ಸದಸ್ಯರು. ಪತ್ರದಲ್ಲಿ ಬರೀ 'ದೂರು ಬಂದ' ಅಂತಿತ್ತು. ಬರೆದವನು ನಾನೇ, ಯಾರನ್ನು ಬೈಯಲಿ.

ಆಮೇಲೆ ತಿದ್ದಿದ್ದು ಹೀಗೆ. ದೂರು ಯಾವ ಸದಸ್ಯರಿಗೆ ತಲುಪಿದರೂ ಅದೇ ಸ್ವೀಕೃತಿಯ ದಿನ. ಅವರು ಒಂದು ಕೆಲಸದ ದಿನದೊಳಗೆ ಕಾರ್ಯದರ್ಶಿಗೆ ದಾಟಿಸಬೇಕು, ರಜೆಗೆ ಹೋಗುವವರು ಇಮೇಲ್ ಅನ್ನು ಕಾರ್ಯದರ್ಶಿಗೆ ತಿರುಗಿಸಿ ಹೋಗಬೇಕು. ಸ್ವೀಕೃತಿಯಿಂದ 2 ಕೆಲಸದ ದಿನದಲ್ಲಿ ದೂರಿನ ಸಂಖ್ಯೆ ಹಾಕಿದ ಉತ್ತರ ಹೋಗಬೇಕು. ಮುಂದೆ ಪ್ರತಿ ಹಂತಕ್ಕೂ ಬೇರೆ ಗಡುವು: ಇದು ನಮ್ಮ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಹೇಳಲು 3 ದಿನ, ಎದುರಿನವರಿಗೆ ಆರೋಪ ಕಳಿಸಲು 2, ಅವರ ಉತ್ತರಕ್ಕೆ 7, ವಿಚಾರಣೆ ಮತ್ತು ದಾಖಲೆಗೆ 8, ವರದಿಗೆ 5. ಕೂಡಿ ನೋಡಿದರೆ 27 ಕೆಲಸದ ದಿನ. ಅಂದರೆ ವಾರಕ್ಕೆ ಐದು ದಿನ ಕೆಲಸವಿರುವ ಕಡೆ ಐದು ವಾರ ದಾಟುತ್ತದೆ. ನಾನು ಸುಮ್ನೆ ಬರೆದಿದ್ದ 30 ದಿನದಲ್ಲಿ ಇಷ್ಟೆಲ್ಲ ಆಗುವ ಮಾತೇ ಇರಲಿಲ್ಲ. ಹಂತ ಹಂತವಾಗಿ ಕೂಡಿಸದೆ ಒಟ್ಟು ಗಡುವು ಬರೆಯೋಕೇ ಹೋಗಬೇಡಿ.

ಗಡುವು ಮೀರಿದರೆ ಏನಾಗುತ್ತದೆ ಅನ್ನೋದನ್ನೂ ಬರೆಯಬೇಕು, ಇಲ್ಲದಿದ್ದರೆ ಅದು ಅಲಂಕಾರಕ್ಕೆ ಮಾತ್ರ. ನಮ್ಮಲ್ಲಿ ಒಂದೇ ಸಲ, ಹೆಚ್ಚೆಂದರೆ 10 ಕೆಲಸದ ದಿನ ವಿಸ್ತರಣೆ. ಅದೂ ಗಡುವು ಮುಗಿಯುವ ಮೊದಲೇ ಕಾರಣ ಬರೆದು ಇಬ್ಬರಿಗೂ ತಿಳಿಸಿದರೆ ಮಾತ್ರ. ಅದೂ ಮೀರಿದರೆ ಕಡತ ತಾನಾಗಿ ಸಂಸ್ಥೆಯ ಮುಖ್ಯಸ್ಥರ ಮೇಜಿಗೆ ಹೋಗುತ್ತದೆ. ತಡವಾಯಿತು ಅಂತ ದೂರು ಮುಚ್ಚುವ ಹಾಗಿಲ್ಲ.

ದೂರು ಕೊಡುವವರಿಗೂ ಒಂದು ಮಿತಿ ಇಟ್ಟೆವು, 90 ದಿನ. ಆದರೆ ಈ ತಂತ್ರಜ್ಞರ ಪಾಳಿ ಕೆಟ್ಟಿದ್ದು ಐದು ತಿಂಗಳ ಹಿಂದಿನಿಂದ ಅಂತ ಅವರೇ ಹೇಳಿದ್ದರು, ಮೂರು ತಿಂಗಳದ್ದು ಕೈಯಲ್ಲಿ ಸಿಕ್ಕ ಪಟ್ಟಿ ಅಷ್ಟೆ. ಮೊದಲ ಘಟನೆಯಿಂದ ಎಣಿಸಿದರೆ ದೂರು ಬಾಗಿಲಲ್ಲೇ ಬಿದ್ದುಹೋಗುತ್ತಿತ್ತು. ಹಾಗಾಗಿ ಮತ್ತೆ ಮತ್ತೆ ನಡೆಯುವ ವಿಷಯದಲ್ಲಿ ಕೊನೆಯ ಸಲದಿಂದ ಎಣಿಕೆ ಅಂತ ಸೇರಿಸಿದೆವು.

ಇನ್ನು ಗೌಪ್ಯತೆ. ನಾನು ಅತಿ ಹೆಚ್ಚು ಎಡವಿದ್ದು ಇಲ್ಲೇ. 'ಎಲ್ಲವೂ ಸಂಪೂರ್ಣ ಗೌಪ್ಯ' ಅಂದಿದ್ದಕ್ಕೆ ಒಬ್ಬ ಸದಸ್ಯರು, ಹಾಗಿದ್ದರೆ ದೂರು ಯಾರದು ಅಂತ ಮೇಲ್ವಿಚಾರಕರಿಗೆ ಹೇಳುವ ಹಾಗಿಲ್ಲ ಅಂದರು. ಹೇಳದೆ ಅವರು ಉತ್ತರ ಕೊಡೋದು ಹೇಗೆ? ಪಟ್ಟಿಯಲ್ಲಿ 26 ಇರುವುದು ಒಬ್ಬರಿಗೇ, ಹೆಸರು ಮುಚ್ಚಿಟ್ಟರೂ ಗೊತ್ತಾಗುತ್ತದೆ ಅಲ್ವಾ. ಇತ್ತ ದೂರುದಾರರು ನನ್ನ ಹತ್ತಿರ ಬಂದು ಮೆಲ್ಲಗೆ, "ಸರ್, ಮನೆಯಲ್ಲಿ ಹೆಂಡತಿಗೂ ಹೇಳಬಾರದಾ?" ಅಂದರು. ನನ್ನ ವಾಕ್ಯದ ಪ್ರಕಾರ ಹೇಳಬಾರದು. ನಾಚಿಕೆಯಾಯಿತು.

ಆಗ ಅರ್ಥವಾಗಿದ್ದು, ಗುಟ್ಟು ಅಂತ ಒಂದೇ ಪದ ಬರೆದರೆ ಸಾಲದು, ಯಾರಿಗೆ ಯಾವಾಗ ಏನು ಗೊತ್ತಾಗಬೇಕು ಅಂತ ಬಿಡಿಸಿ ಬರೆಯಬೇಕು. ಎದುರಿನವರಿಗೆ ದೂರುದಾರರ ಹೆಸರು, ಆರೋಪ, ನಾವು ಆಧಾರವಾಗಿ ಇಟ್ಟುಕೊಳ್ಳುವ ದಾಖಲೆ, ಮೂರೂ ಸಿಗುತ್ತವೆ. ಸಾಕ್ಷಿಗೆ ಅವರಿಗೆ ಕೇಳುವ ಪ್ರಶ್ನೆ ಮಾತ್ರ. ಅವರ ವಿಭಾಗದ ಮುಖ್ಯಸ್ಥರಿಗೆ ಇಂಥ ಹೊತ್ತಿಗೆ ಬಿಡುವು ಬೇಕು ಅನ್ನೋದು ಬಿಟ್ಟು ಬೇರೇನೂ ಇಲ್ಲ. ಮುಗಿದ ಮೇಲೆ ದೂರುದಾರರಿಗೆ ದೂರು ನಿಜ ಅನಿಸಿತೋ ಇಲ್ಲವೋ, ತಮ್ಮ ಮಟ್ಟಿಗೆ ಏನು ಬದಲಾಗುತ್ತದೆ ಅಂತ ತಿಳಿಸುತ್ತೇವೆ. ಎದುರಿನವರ ಮೇಲೆ ಶಿಸ್ತು ಕ್ರಮ ಏನಾಯಿತು ಅನ್ನೋದು ಹೇಳುವುದಿಲ್ಲ. ಮನೆಯವರು, ವಕೀಲರು, ವೈದ್ಯರು, ಕಾರ್ಮಿಕ ಸಂಘದ ಪ್ರತಿನಿಧಿ, ಇವರ ಹತ್ತಿರ ಇಬ್ಬರೂ ಮಾತಾಡಬಹುದು. ಯಾರದಾದರೂ ಜೀವಕ್ಕೆ ಅಪಾಯ ಕಂಡರೆ ಅಥವಾ ಕಾನೂನು ಕೇಳಿದರೆ ಗೌಪ್ಯತೆ ಅಡ್ಡ ಬರುವುದಿಲ್ಲ. ಇಮೇಲ್‌ನ ವಿಷಯದ ಸಾಲಿನಲ್ಲಿ ಹೆಸರು ಬೇಡ, ಸಂಖ್ಯೆ ಮಾತ್ರ. ಸಣ್ಣದು ಅನ್ನಿಸಬಹುದು, ಆದರೆ ಸುದ್ದಿ ಸೋರೋದು ಜಾಸ್ತಿ ಇಂಥ ಕಡೆಯಿಂದಲೇ, ಪಕ್ಕದಲ್ಲಿ ಕೂತವರು ಪರದೆ ನೋಡಿದರೆ ಮುಗಿಯಿತು.

ಸದಸ್ಯತ್ವದ್ದು ಬೇಗ ಹೇಳಿಬಿಡುತ್ತೇನೆ. ಐವರಲ್ಲಿ ಒಬ್ಬರು ಆ ಪಾಳಿ ಪಟ್ಟಿಗೆ ಪ್ರತಿ ತಿಂಗಳು ಸಹಿ ಹಾಕುತ್ತಿದ್ದ ಅಧಿಕಾರಿ. ಅವರು ಹೊರಗೆ ಕೂರಬೇಕು ಅಂತ ಪತ್ರದಲ್ಲಿರಲಿಲ್ಲ. ಅವರೇ ಮರ್ಯಾದೆಯಿಂದ ಎದ್ದು ಹೋದರು, ಉಳಿದ ನಾಲ್ವರು ಎರಡೆರಡಾಗಿ ಒಡೆದರು. ಈಗ ಇಬ್ಬರು ಬದಲಿ ಸದಸ್ಯರಿದ್ದಾರೆ, ಆಡಳಿತದ ಕಡೆಯಿಂದ ಒಬ್ಬರು, ನೌಕರರ ಕಡೆಯಿಂದ ಒಬ್ಬರು. ದೂರಿನಲ್ಲಿರುವ ಹೆಸರು ಕಂಡ ತಕ್ಷಣ ಪ್ರತಿಯೊಬ್ಬರೂ ತಮಗೆ ಸಂಬಂಧ ಇದೆಯೋ ಇಲ್ಲವೋ ಬರೆದು ಕೊಡಬೇಕು. ಕೋರಂ ಮೂರು, ಅದರಲ್ಲಿ ಎರಡೂ ಕಡೆಯವರು ಇರಲೇಬೇಕು, ತೀರ್ಮಾನಕ್ಕೆ ಕೂರುವಾಗ ಬೆಸ ಸಂಖ್ಯೆ. ಕಾರ್ಯದರ್ಶಿಗೆ, ಅಂದರೆ ನನಗೆ, ಮತವಿಲ್ಲ.

ವ್ಯಾಪ್ತಿಯಲ್ಲಿ ಎರಡು ತೊಡಕು. ಭತ್ಯೆ ಹೆಚ್ಚಿಸಿ ಅನ್ನೋದು ನಮ್ಮ ಕೆಲಸವೋ ಅಲ್ಲವೋ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ 130ನೇ ಶಿಫಾರಸು ಇಲ್ಲಿ ಕೈ ಹಿಡಿಯಿತು. ಕೆಲಸದ ಷರತ್ತನ್ನೇ ಬದಲಿಸಿ ಅನ್ನುವ ಸಾಮೂಹಿಕ ಬೇಡಿಕೆಯನ್ನು ಅದು ಕುಂದುಕೊರತೆಯಿಂದ ಹೊರಗಿಡುತ್ತದೆ. ಇರುವ ನಿಯಮ ನನಗೆ ಸರಿಯಾಗಿ ಅನ್ವಯಿಸಿಲ್ಲ ಅಂದರೆ ಒಳಗೆ, ನಿಯಮವನ್ನೇ ಎಲ್ಲರಿಗೂ ಬದಲಿಸಿ ಅಂದರೆ ಹೊರಗೆ. ಹಾಗಾಗಿ ಪಾಳಿ ಒಳಗೆ ಬಂತು, ಭತ್ಯೆ ಹೊರಗೆ ಹೋಯಿತು, ಯಾರ ಹತ್ತಿರ ಹೋಗಬೇಕು ಅಂತ ಅವರಿಗೆ ಬರೆದು ಕೊಟ್ಟೆವು. ಲೈಂಗಿಕ ಕಿರುಕುಳದ ದೂರು ಪ್ರತ್ಯೇಕ ಸಮಿತಿಗೆ, ಅದನ್ನು ಸ್ಪಷ್ಟವಾಗಿಯೇ ಬರೆದಿದ್ದೇವೆ.

ಎರಡನೆಯದು ಅಧಿಕಾರದ್ದು. ಬದಲಿ ಸದಸ್ಯರು ಬಂದ ಮೇಲೆ ನಾವು 'ಪಾಳಿ ಪಟ್ಟಿ ಬದಲಿಸತಕ್ಕದ್ದು' ಅಂತ ಗತ್ತಿನಲ್ಲಿ ಬರೆದು ಕಳಿಸಿದೆವು. ಮ್ಯಾನೇಜರ್ ಓದಿ, "ಇದನ್ನು ಹೇಳೋಕೆ ನಿಮಗೆ ಅಧಿಕಾರ ಕೊಟ್ಟವರು ಯಾರು?" ಅಂದರು. ನಮ್ಮ ಪತ್ರದಲ್ಲಿ ಅದು ಎಲ್ಲೂ ಇರಲಿಲ್ಲ, ಅವರ ಪ್ರಶ್ನೆ ಸರಿಯೇ. ಈಗ ಸಮಿತಿಯದು ಶಿಫಾರಸು. ಆಡಳಿತ 7 ಕೆಲಸದ ದಿನದಲ್ಲಿ ಒಪ್ಪಬೇಕು, ಇಲ್ಲವೇ ಒಪ್ಪದಿರುವ ಕಾರಣವನ್ನು ಇಬ್ಬರಿಗೂ ಸಮಿತಿಗೂ ಬರೆದು ಕೊಡಬೇಕು. ಬರೆಯಬೇಕು ಅಂದಾಗ ಸುಮ್ಮನೆ ಬೇಡ ಅನ್ನೋದು ಅಷ್ಟು ಸುಲಭವಲ್ಲ.

ತಂತ್ರಜ್ಞರ ಪಾಳಿ ಕೊನೆಗೆ ಸರಿಯಾಯಿತು, ಆದರೆ ದೂರು ಕೊಟ್ಟ 71ನೇ ದಿನಕ್ಕೆ. ಮುಂದಿನ ಆರು ತಿಂಗಳು ಅವರ ಪಟ್ಟಿಯನ್ನು ಪ್ರತಿ ತಿಂಗಳು ನಾನೇ ನೋಡಿದೆ, ಸೇಡು ತೀರಿಸಿಕೊಳ್ಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಅದೂ ಈಗ ಪತ್ರದಲ್ಲಿ ಒಂದು ಸಾಲು. ಒಂದು ಪುಟ ಇದ್ದದ್ದು ನಾಲ್ಕಾಗಿದೆ, ಹೆಸರಿಲ್ಲದೆ ಬರುವ ದೂರನ್ನು ಏನು ಮಾಡೋದು ಅನ್ನೋ ಜಾಗ ಮಾತ್ರ ಇನ್ನೂ ಖಾಲಿ ಇದೆ.