ಓವನ್ ಹಾಕಿದರೆ ಬ್ರೇಕರ್ ಬೀಳುತ್ತದೆಯೇ? ಎಲಿಮೆಂಟ್ ಸೋರಿಕೆ ಹುಡುಕುವ ಬಗೆ

ಮಿಕ್ಸಿ, ಫ್ರಿಜ್ ಎಲ್ಲ ಸರಿಯಾಗಿವೆ. ಓವನ್ ಸ್ವಿಚ್ ಹಾಕಿದ ತಕ್ಷಣ ಮಾತ್ರ ಟಪ್ ಅಂತ ಸೋರಿಕೆ ಹಿಡಿಯುವ ಬ್ರೇಕರ್, ಅಂದರೆ RCCB, ಬೀಳುತ್ತದೆ. ಫೇಸ್‌ನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿಲ್ಲ, ಸ್ವಲ್ಪ ಅರ್ತ್‌ಗೆ ಸೋರುತ್ತಿದೆ ಎಂದು ಅದು ಹೇಳುತ್ತಿದೆ. 30 ಮಿಲಿಆಂಪ್ ಎಂದು ಬರೆದಿರುವ ಬ್ರೇಕರ್ 15ರಿಂದ 30ರ ಒಳಗೆ ಎಲ್ಲಿ ಬೇಕಾದರೂ ಬೀಳಬಹುದು.

ಮೊದಲು ಉಳಿದ ಎಲ್ಲ ಪ್ಲಗ್ ತೆಗೆದು, ಓವನ್ ಒಂದನ್ನೇ ಬೇರೆ ಸಾಕೆಟ್‌ಗೆ ಹಾಕಿ ನೋಡಿ. ಆಗಲೂ ಬಿದ್ದರೆ ತೊಂದರೆ ಓವನ್‌ನಲ್ಲೇ ಇದೆ. ಬೀಳದಿದ್ದರೆ ಹಳೆಯ ಸಾಕೆಟ್ಟನ್ನೂ ನೋಡಬೇಕು. ನಾಲ್ಕೈದು ಸಾಮಾನುಗಳ ಸಣ್ಣ ಸಣ್ಣ ಸೋರಿಕೆ ಸೇರಿಯೂ ಬ್ರೇಕರ್ ಬೀಳುವುದುಂಟು.

ಓವನ್‌ನಲ್ಲಿ ಹೆಚ್ಚಾಗಿ ಸಿಗುವ ಕಳ್ಳ ಎಲಿಮೆಂಟ್. ಲೋಹದ ಕೊಳವೆಯ ನಡುವೆ ಕಾಯಿಲ್ ತಂತಿ, ಅದರ ಸುತ್ತ ಬಿಗಿಯಾಗಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಈ ಬಿಳಿ ಪುಡಿಯೇ ಇನ್ಸುಲೇಷನ್. ಆದರೆ ಅದು ತೇವ ಹೀರುತ್ತದೆ. ತಿಂಗಳುಗಟ್ಟಲೆ ಸುಮ್ನೆ ಇಟ್ಟ ಓವನ್‌ನಲ್ಲಿ, ಕೊಳವೆಯ ತುದಿಯ ಸೀಲ್ ಸಡಿಲವಾಗಿದ್ದರೆ, ಗಾಳಿಯ ತೇವವೇ ಸಾಕು.

ಇಂಥದೇ ಒಂದು ಓವನ್ ನೋಡಿದ್ದೆ. ಪ್ಲಗ್ ಹೊರಗೆ ತೆಗೆದು ಮಲ್ಟಿಮೀಟರ್ ಇಟ್ಟರೆ ದೋಷವೇ ಕಾಣಲಿಲ್ಲ. ಅದು ಕೊಡುವುದು ಕೆಲವೇ ವೋಲ್ಟ್, ಹಾಗಾಗಿ ಅದರ ಮಾತನ್ನು ಪೂರ್ತಿ ನಂಬಬಾರದು. ಇಲ್ಲಿ ಬೇಕಾದದ್ದು 500 ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೆಗ್ಗರ್. ಅದು ಎಲೆಕ್ಟ್ರಾನಿಕ್ ಬೋರ್ಡ್ ಸುಡಬಹುದು. ಆದ್ದರಿಂದ ಎಲಿಮೆಂಟಿನ ಎರಡೂ ವೈರ್ ಬಿಚ್ಚಿಯೇ ಅಳೆಯಬೇಕು. ಮೆಗ್ಗರ್ ಹಿಡಿದು ಅಭ್ಯಾಸವಿಲ್ಲದಿದ್ದರೆ ಇದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಒಂದು ಕ್ಲಿಪ್ ಎಲಿಮೆಂಟಿನ ತುದಿಗೆ, ಇನ್ನೊಂದು ಕೊಳವೆಯ ಬರಿಯ ಲೋಹಕ್ಕೆ. ಮೇಲಿನ ಎಲಿಮೆಂಟ್ 100 ಮೆಗಾಓಮ್‌ಗಿಂತ ಜಾಸ್ತಿ ತೋರಿಸಿತು, ಅದು ಒಳ್ಳೆಯದು. ಕೆಳಗಿನದು ಬರೀ 0.01 ಮೆಗಾಓಮ್, ಅಂದರೆ 10,000 ಓಮ್. ಸೋರಿಕೆ ಫೇಸ್ ತುದಿಯ ಹತ್ತಿರವಿದ್ದರೆ 230 ವೋಲ್ಟ್‌ಗೆ 23 ಮಿಲಿಆಂಪ್ ಆಯಿತು. ಬ್ರೇಕರ್ ಬೀಳಲು ಅಷ್ಟು ಸಾಕಲ್ವಾ?

ತೇವವೋ, ಒಡಕೋ ತಿಳಿಯಲು ಆ ಎಲಿಮೆಂಟನ್ನು ಬಿಚ್ಚಿ, ಬೇರೆ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಆರಿದ ಮೇಲೆ ಮತ್ತೆ ಅಳೆದೆವು. 20 ಮೆಗಾಓಮ್‌ಗೆ ಏರಿತ್ತು. ಏರದೆ ಅಲ್ಲೇ ನಿಂತಿದ್ದರೆ ಕೊಳವೆಯೇ ಬಿರುಕು ಬಿಟ್ಟಿದೆ ಎಂದು ತಿಳಿಯುತ್ತಿತ್ತು. ಕೆಲವು ಎಲಿಮೆಂಟ್‌ಗಳು ತಣ್ಣಗಿರುವಾಗ ಚೆನ್ನಾಗಿದ್ದು, ಕಾದ ಮೇಲೆ ಸೋರುತ್ತವೆ. ಹತ್ತು ನಿಮಿಷ ಓಡಿದ ಮೇಲೆ ಬ್ರೇಕರ್ ಬೀಳುತ್ತಿದ್ದರೆ, ಪ್ಲಗ್ ಕಿತ್ತು, ಬಿಸಿ ಇರುವಾಗಲೇ ಅಳೆಯಬೇಕು.

ಬ್ರೇಕರ್ ಬೀಳಬಾರದೆಂದು ಅರ್ತ್ ವೈರ್ ಕತ್ತರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೋರಿಕೆ ಅಲ್ಲೇ ಇರುತ್ತದೆ, ಓವನ್‌ನ ಬಾಡಿಗೆ ಕರೆಂಟ್ ಬರುತ್ತದೆ, ಮುಟ್ಟಿದವರ ಕೈಯೇ ಅರ್ತ್ ಆಗುತ್ತದೆ.

ಒಣಗಿದ ಎಲಿಮೆಂಟನ್ನು ಹಾಕಿದೆವು, ಓವನ್ ಓಡಿತು. ವಾರದ ನಂತರ ಅಳೆದರೆ 1 ಮೆಗಾಓಮ್‌ಗೆ ಇಳಿದಿತ್ತು. ತುದಿಯ ಸೀಲ್ ಹೋಗಿದ್ದರಿಂದ ತೇವ ಮತ್ತೆ ಒಳಗೆ ಬರುತ್ತಿತ್ತು. ಅಂದೇ ಹೊಸ ಎಲಿಮೆಂಟ್ ಹಾಕಿದೆವು.